ಕರೆಂಟ್ ಮಿರರ್: ನಕಲಿನಲ್ಲಿ ಅಡಗಿರುವ ಎರಡು ತಪ್ಪು

ಒಂದು ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆಯೋ ಅಷ್ಟನ್ನೇ ಇನ್ನೊಂದು ತಂತಿಯಲ್ಲೂ ಹರಿಸುವ ಪುಟ್ಟ ಸರ್ಕ್ಯೂಟಿಗೆ ಕರೆಂಟ್ ಮಿರರ್ ಎಂದು ಹೆಸರು. ಅದಕ್ಕೆ ಬೇಕಾಗುವುದು ಒಂದೇ ತೆರನ ಎರಡು ಟ್ರಾನ್ಸಿಸ್ಟರ್ ಮತ್ತು ಒಂದು ರೆಸಿಸ್ಟರ್. ಎರಡೂ ಟ್ರಾನ್ಸಿಸ್ಟರಿನ ಎಮಿಟರುಗಳನ್ನು ನೆಲಕ್ಕೆ, ಅಂದರೆ ಗ್ರೌಂಡಿಗೆ, ಸೇರಿಸುತ್ತಾರೆ. ಬೇಸುಗಳನ್ನು ಒಂದಕ್ಕೊಂದು ಕಟ್ಟುತ್ತಾರೆ. ಮೊದಲನೆಯದರ ಕಲೆಕ್ಟರನ್ನು ಅದರ ಬೇಸಿಗೇ ಜೋಡಿಸಿ, ರೆಸಿಸ್ಟರಿನ ಮೂಲಕ ಅದಕ್ಕೆ ಕರೆಂಟ್ ಕೊಡುತ್ತಾರೆ. ಎರಡನೆಯದರ ಕಲೆಕ್ಟರಿನಲ್ಲಿ ನಕಲು ಸಿಗುತ್ತದೆ.

ನಕಲು ಹುಟ್ಟುವ ಬಗೆ ಸರಳ. ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬುದನ್ನು ಬೇಸ್ ಮತ್ತು ಎಮಿಟರುಗಳ ನಡುವಿನ ವೋಲ್ಟೇಜ್ ತೀರ್ಮಾನಿಸುತ್ತದೆ. ಮೊದಲನೆಯ ಟ್ರಾನ್ಸಿಸ್ಟರು ತನಗೆ ಬಂದ ಕರೆಂಟನ್ನು ಹರಿಸಲು ಬೇಕಾದಷ್ಟು ವೋಲ್ಟೇಜನ್ನು, ಸುಮಾರು 0.7 ವೋಲ್ಟನ್ನು, ತಾನೇ ಹೊಂದಿಸಿಕೊಳ್ಳುತ್ತದೆ. ಅದೇ ವೋಲ್ಟೇಜ್ ಎರಡನೆಯದಕ್ಕೂ ತಲುಪುವುದರಿಂದ ಅಲ್ಲಿಯೂ ಅಷ್ಟೇ ಕರೆಂಟ್ ಹರಿಯಬೇಕು. ‘ಬೇಕು’ ಎಂಬ ಮಾತನ್ನು ಸ್ವಲ್ಪ ಒತ್ತಿಯೇ ಓದಬೇಕು. ನಿಜವಾದ ಮಿರರಿನಲ್ಲಿ ನಕಲು ಎರಡು ಕಡೆ ಜಾರುತ್ತದೆ. ಆ ಎರಡು ತಪ್ಪುಗಳು ವಿರುದ್ಧ ದಿಕ್ಕಿಗೆ ಎಳೆಯುತ್ತವೆ ಎಂಬುದರಲ್ಲೇ ಅಳತೆ ಮಾಡುವವರಿಗೆ ಒಂದು ಬಲೆ ಇದೆ.

ಮೊದಲನೆಯ ತಪ್ಪು ಬೇಸಿನದು. ಬೈಪೋಲಾರ್ ಟ್ರಾನ್ಸಿಸ್ಟರಿನ ಬೇಸ್ ಬಿಟ್ಟಿಯಾಗಿ ಕೆಲಸ ಮಾಡುವುದಿಲ್ಲ, ಕಲೆಕ್ಟರಿನಲ್ಲಿ ಹರಿಯುವ ಕರೆಂಟಿಗೆ ತಕ್ಕಂತೆ ಸುಂಕ ಕೇಳುತ್ತದೆ. ಕಲೆಕ್ಟರಿನ ಕರೆಂಟು ಬೇಸಿನ ಕರೆಂಟಿನ ಎಷ್ಟು ಪಟ್ಟು ಎಂಬುದನ್ನು ಬೀಟಾ ಎನ್ನುತ್ತಾರೆ. ಬೀಟಾ 100 ಇದ್ದರೆ ಕಲೆಕ್ಟರಿನ 1 ಮಿಲಿಆಂಪಿಯರಿಗೆ ಬೇಸಿನ ಸುಂಕ 0.01 ಮಿಲಿಆಂಪಿಯರ್. ಮಿರರಿನಲ್ಲಿ ಬೇಸುಗಳು ಎರಡು, ಸುಂಕ ಕಟ್ಟುವವರು ಮಾತ್ರ ಒಬ್ಬರೇ. ರೆಸಿಸ್ಟರಿನಿಂದ ಬರುವ ಕರೆಂಟೇ ಎರಡೂ ಬೇಸಿಗೆ ಪಾಲು ಕೊಟ್ಟು, ಉಳಿದದ್ದನ್ನು ಮೊದಲನೆಯ ಕಲೆಕ್ಟರಿಗೆ ಕಳಿಸುತ್ತದೆ. ಎರಡನೆಯ ಟ್ರಾನ್ಸಿಸ್ಟರು ನಕಲು ಮಾಡುವುದು ಈ ಉಳಿದ ಭಾಗವನ್ನು, ಮೂಲವನ್ನಲ್ಲ. ಹೀಗಾಗಿ ಹೊರಬರುವ ಕರೆಂಟ್:

```
Iout = Iref / (1 + 2/β)
```

ಬೀಟಾ 100 ಆದರೆ ನಕಲು ಮೂಲಕ್ಕಿಂತ ಸುಮಾರು ಶೇ. 2ರಷ್ಟು ಕಡಿಮೆ. ಇದು ಸಣ್ಣದೆನಿಸಬಹುದು. ಆದರೆ ಹಳೆಯ ಐಸಿಗಳಲ್ಲಿ ಪಿಎನ್‌ಪಿ ಟ್ರಾನ್ಸಿಸ್ಟರನ್ನು ಚಿಪ್ಪಿನ ಮೇಲ್ಮೈಯಲ್ಲಿ ಅಡ್ಡಡ್ಡವಾಗಿ ರಚಿಸುತ್ತಿದ್ದರು, ಅದರ ಬೀಟಾ 20ಕ್ಕೆ ಇಳಿದುಬಿಡುವುದು ಸಾಮಾನ್ಯವಾಗಿತ್ತು. ಆಗ ತಪ್ಪು ಶೇ. 9. ಒಂದೇ ಮೂಲದಿಂದ ಹಲವು ನಕಲು ತೆಗೆಯಲು ಹೊರಟರೆ ಲೆಕ್ಕ ಇನ್ನೂ ಕೆಡುತ್ತದೆ. ಎಂಟು ಟ್ರಾನ್ಸಿಸ್ಟರುಗಳು ಒಂದೇ ಸಾಲಿನಲ್ಲಿ ನಿಂತು ನಕಲು ಮಾಡಿದರೆ ಮೂಲದ್ದೂ ಸೇರಿ ಒಂಬತ್ತು ಬೇಸುಗಳು ಕೈಚಾಚುತ್ತವೆ. ಬೀಟಾ 100 ಇದ್ದರೂ ಎಂಟು ನಕಲುಗಳಲ್ಲಿ ಪ್ರತಿಯೊಂದೂ ಸುಮಾರು ಶೇ. 8ರಷ್ಟು ಕಡಿಮೆಯಾಗುತ್ತದೆ.

ಎರಡನೆಯ ತಪ್ಪು ದಾಕ್ಷಿಣ್ಯದ್ದು. ಕರೆಂಟ್ ಒದಗಿಸುವ ಸರ್ಕ್ಯೂಟು ತನ್ನ ತುದಿಯಲ್ಲಿ ಎಷ್ಟು ವೋಲ್ಟೇಜ್ ಇದ್ದರೂ ಅದಕ್ಕೆ ಮಣಿಯಬಾರದು, 1 ವೋಲ್ಟಿನಲ್ಲಿ ಕೊಟ್ಟಷ್ಟನ್ನೇ 10 ವೋಲ್ಟಿನಲ್ಲೂ ಕೊಡಬೇಕು. ಟ್ರಾನ್ಸಿಸ್ಟರು ಅಷ್ಟು ನಿಷ್ಠುರವಲ್ಲ. ಕಲೆಕ್ಟರಿನ ವೋಲ್ಟೇಜ್ ಏರಿದಂತೆ ಕಲೆಕ್ಟರ್ ಮತ್ತು ಬೇಸಿನ ಗಡಿಯಲ್ಲಿರುವ, ಚಲಿಸುವ ಚಾರ್ಜುಗಳಿಲ್ಲದ ಬರಿದಾದ ಪಟ್ಟಿ ಅಗಲವಾಗಿ ಬೇಸಿನ ಜಾಗವನ್ನು ಒತ್ತುವರಿ ಮಾಡುತ್ತದೆ. ಮೊದಲೇ ತೆಳುವಾದ ಬೇಸ್ ಇನ್ನಷ್ಟು ತೆಳುವಾಗಿ, ಅದನ್ನು ದಾಟುವ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆ. ಬೇಸಿನ ವೋಲ್ಟೇಜ್ ಕದಲದಿದ್ದರೂ ಕರೆಂಟ್ ಏರುತ್ತದೆ. ಬೆಲ್ ಪ್ರಯೋಗಾಲಯದ ಜೇಮ್ಸ್ ಅರ್ಲಿ 1952ರಲ್ಲಿ ಇದನ್ನು ವಿವರಿಸಿದ್ದರಿಂದ ಅರ್ಲಿ ಪರಿಣಾಮ ಎಂಬ ಹೆಸರು ಬಂತು. ವೋಲ್ಟೇಜಿಗೆ ಎದುರಾಗಿ ಕರೆಂಟಿನ ಗೆರೆ ಎಳೆದು, ಆ ಇಳಿಜಾರನ್ನು ಹಿಂದಕ್ಕೆ ಚಾಚಿದರೆ ಅದು ಸೊನ್ನೆಯ ಆಚೆ ಒಂದು ಋಣ ವೋಲ್ಟೇಜಿನಲ್ಲಿ ಅಕ್ಷವನ್ನು ಮುಟ್ಟುತ್ತದೆ. ಆ ಬಿಂದು ಸೊನ್ನೆಯಿಂದ ಎಷ್ಟು ದೂರವೋ ಅಷ್ಟು ಅರ್ಲಿ ವೋಲ್ಟೇಜ್. ದೂರ ಹೆಚ್ಚಿದಷ್ಟೂ ಗೆರೆ ಮಟ್ಟಸ, ಟ್ರಾನ್ಸಿಸ್ಟರು ಒಳ್ಳೆಯದು.

ಈ ಇಳಿಜಾರನ್ನೇ ಔಟ್‌ಪುಟ್ ರೆಸಿಸ್ಟೆನ್ಸ್ ಎಂಬ ಸಂಖ್ಯೆಯಲ್ಲಿ ಹೇಳುವ ರೂಢಿ ಇದೆ. ವೋಲ್ಟೇಜ್ ಎಷ್ಟು ಬದಲಾಯಿತೋ ಅದನ್ನು, ಕರೆಂಟ್ ಎಷ್ಟು ಬದಲಾಯಿತೋ ಅದರಿಂದ ಭಾಗಿಸಿದರೆ ಅದು ಸಿಗುತ್ತದೆ. ಸರಳ ಮಿರರಿನಲ್ಲಿ ಅದು ಹೆಚ್ಚುಕಡಿಮೆ ಅರ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಷ್ಟು. ಹೀಗಾಗಿ ಕರೆಂಟನ್ನು ಹತ್ತರಲ್ಲೊಂದು ಭಾಗಕ್ಕೆ ಇಳಿಸಿದರೆ ರೆಸಿಸ್ಟೆನ್ಸ್ ಹತ್ತು ಪಟ್ಟು ಏರಿದಂತೆ ಕಾಣುತ್ತದೆ. ಶೇಕಡಾವಾರು ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ. ಎರಡು ಮಿರರುಗಳನ್ನು ಹೋಲಿಸುವಾಗ ಬರಿಯ ರೆಸಿಸ್ಟೆನ್ಸ್ ನೋಡಿ ತೀರ್ಪು ಕೊಡುವುದು ಸರಿಯಲ್ಲ, ಅದು ಯಾವ ಕರೆಂಟಿನಲ್ಲಿ ಅಳೆದದ್ದು ಎಂಬುದೂ ಗೊತ್ತಿರಬೇಕು.

ಲೆಕ್ಕ ಮಾಡಿ ನೋಡಿದರೆ ಬಲೆ ಕಣ್ಣಿಗೆ ಬೀಳುತ್ತದೆ. ಸಪ್ಲೈ 15 ವೋಲ್ಟ್, ರೆಸಿಸ್ಟರ್ 14.3 ಕಿಲೋಓಮ್, ಬೀಟಾ 100, ಅರ್ಲಿ ವೋಲ್ಟೇಜ್ 100 ಎಂದಿರಲಿ. ಮೊದಲನೆಯ ಟ್ರಾನ್ಸಿಸ್ಟರಿನಲ್ಲಿ 0.7 ವೋಲ್ಟ್ ನಿಂತು, ರೆಸಿಸ್ಟರಿನ ಮೇಲೆ 14.3 ವೋಲ್ಟ್ ಉಳಿಯುತ್ತದೆ. ಮೂಲ ಕರೆಂಟ್ ಸರಿಯಾಗಿ 1 ಮಿಲಿಆಂಪಿಯರ್. ಹೊರಗಿನ ಕಲೆಕ್ಟರಿನಲ್ಲೂ 0.7 ವೋಲ್ಟೇ ಇದ್ದರೆ ಎರಡೂ ಟ್ರಾನ್ಸಿಸ್ಟರುಗಳ ಸ್ಥಿತಿ ಒಂದೇ, ಅರ್ಲಿ ಪರಿಣಾಮ ಎರಡರಲ್ಲೂ ಸಮ. ಕಾಣುವುದು ಬೇಸಿನ ಸುಂಕ ಮಾತ್ರ: ನಕಲು 0.98 ಮಿಲಿಆಂಪಿಯರ್. ಹೊರಗಿನ ವೋಲ್ಟೇಜನ್ನು 10.7ಕ್ಕೆ ಏರಿಸಿದರೆ ಅರ್ಲಿ ಪರಿಣಾಮ ಸುಮಾರು ಶೇ. 10ರಷ್ಟು ಸೇರಿಸಿ ನಕಲನ್ನು 1.08 ಮಿಲಿಆಂಪಿಯರಿಗೆ ಒಯ್ಯುತ್ತದೆ. ಹತ್ತು ವೋಲ್ಟಿಗೆ ಸುಮಾರು 0.1 ಮಿಲಿಆಂಪಿಯರ್ ಏರಿಕೆ ಎಂದರೆ ಔಟ್‌ಪುಟ್ ರೆಸಿಸ್ಟೆನ್ಸ್ ಸುಮಾರು 1 ಲಕ್ಷ ಓಮ್.

ಈ ಎರಡರ ನಡುವೆ, ಸುಮಾರು 2.7 ವೋಲ್ಟಿನಲ್ಲಿ, ಬೇಸ್ ಕಳೆದ ಶೇ. 2ನ್ನು ಅರ್ಲಿ ಪರಿಣಾಮ ಲೆಕ್ಕ ಚುಕ್ತಾ ಮಾಡಿದಂತೆ ತುಂಬಿಕೊಡುತ್ತದೆ. ಅಲ್ಲಿ ಮೀಟರ್ ಇಟ್ಟವರಿಗೆ ಅಚ್ಚುಕಟ್ಟಾಗಿ 1.00 ಕಾಣಿಸುತ್ತದೆ, ಮಿರರ್ ನಿಖರವಾಗಿದೆ ಎಂದು ನಂಬುತ್ತಾರೆ. ನಿಜದಲ್ಲಿ ಎರಡೂ ತಪ್ಪುಗಳು ಅಲ್ಲೇ ಇವೆ, ಒಂದರ ಬೆನ್ನಿಗೆ ಇನ್ನೊಂದು ಅಡಗಿ ಕೂತಿದೆ. ಇದಕ್ಕಾಗಿಯೇ ಮಿರರನ್ನು ಒಂದೇ ವೋಲ್ಟೇಜಿನಲ್ಲಿ ಅಳೆದು ಬಿಡಬಾರದು. ಕಡಿಮೆಯೆಂದರೆ ಎರಡು ಕಡೆ ಅಳೆಯಬೇಕು, ಅವುಗಳಲ್ಲೊಂದು ಒಳಗಿನ ಕಲೆಕ್ಟರಿನಲ್ಲಿರುವಷ್ಟೇ ವೋಲ್ಟೇಜಿನಲ್ಲಿರಬೇಕು. ಟ್ರಾನ್ಸಿಸ್ಟರುಗಳು ನಿಜಕ್ಕೂ ಒಂದೇ ತೆರನಾಗಿದ್ದರೆ, ಆ ಸಮ ವೋಲ್ಟೇಜಿನಲ್ಲಿ ಸಿಗುವ ಕೊರತೆ ಬೇಸಿನದು, ಅಲ್ಲಿಂದ ಮುಂದಿನ ಏರಿಕೆ ಅರ್ಲಿಯದು.

ಬಿಡಿ ಟ್ರಾನ್ಸಿಸ್ಟರುಗಳನ್ನು ಬ್ರೆಡ್‌ಬೋರ್ಡಿನ ಮೇಲೆ ಚುಚ್ಚಿ ಈ ಪ್ರಯೋಗ ಮಾಡಿದರೆ ಲೆಕ್ಕಕ್ಕೆ ಸಿಗದ ಮೂರನೆಯ ಅತಿಥಿಯೊಬ್ಬ ಬರುತ್ತಾನೆ, ಅದು ಬಿಸಿ. ಹೊರಗಿನ ಟ್ರಾನ್ಸಿಸ್ಟರು 10 ವೋಲ್ಟಿನಲ್ಲಿ 1 ಮಿಲಿಆಂಪಿಯರ್ ಹೊತ್ತರೆ 10 ಮಿಲಿವ್ಯಾಟ್ ಬಿಸಿ ಹುಟ್ಟುತ್ತದೆ. ಸಣ್ಣ ಪ್ಲಾಸ್ಟಿಕ್ ಮೈಯ ಟ್ರಾನ್ಸಿಸ್ಟರು ಅಷ್ಟಕ್ಕೇ ಸುಮಾರು 2 ಡಿಗ್ರಿ ಕಾಯುತ್ತದೆ. ಒಳಗಿನದು ಒಂದು ಮಿಲಿವ್ಯಾಟನ್ನೂ ಮುಟ್ಟದೆ ತಣ್ಣಗಿರುತ್ತದೆ. ಬೇಸಿನ ವೋಲ್ಟೇಜ್ ಒಂದೇ ಇದ್ದಾಗ ಒಂದು ಡಿಗ್ರಿಯ ವ್ಯತ್ಯಾಸ ಕರೆಂಟನ್ನು ಸುಮಾರು ಶೇ. 8ರಷ್ಟು ಏರಿಸುತ್ತದೆ. ಎರಡು ಡಿಗ್ರಿಗೆ ಶೇ. 16, ಅಂದರೆ ಅರ್ಲಿ ಪರಿಣಾಮಕ್ಕಿಂತ ದೊಡ್ಡ ತಪ್ಪು. ಇದನ್ನು ಗುರುತಿಸುವುದು ಕಷ್ಟವಲ್ಲ. ವೋಲ್ಟೇಜ್ ಏರಿಸಿದ ಕ್ಷಣದಲ್ಲೇ ಜಿಗಿಯುವ ಭಾಗ ಅರ್ಲಿಯದು, ಆಮೇಲೆ ಕೆಲವು ಸೆಕೆಂಡು ಮೆಲ್ಲಗೆ ತೆವಳುತ್ತಾ ಏರುವ ಭಾಗ ಬಿಸಿಯದು. ಕೋಣೆ ತಂಪಾಗಿದ್ದರೆ ಹೊರಗಿನ ಟ್ರಾನ್ಸಿಸ್ಟರನ್ನು ಬೆರಳಿನಿಂದ ಹಿಡಿದರೂ ಸಾಕು, ಮೀಟರಿನ ಅಂಕಿ ಕಣ್ಣೆದುರೇ ಏರುತ್ತದೆ. ಒಂದೇ ಚಿಪ್ಪಿನಲ್ಲಿ ಅಕ್ಕಪಕ್ಕ ಹುಟ್ಟಿದ ಟ್ರಾನ್ಸಿಸ್ಟರುಗಳಿಗೆ ಈ ಕಾಟ ಬಹಳ ಕಡಿಮೆ, ಬಿಸಿಯನ್ನು ಅವು ಹಂಚಿಕೊಳ್ಳುತ್ತವೆ. ಬ್ರೆಡ್‌ಬೋರ್ಡಿನಲ್ಲಿ ಮಿರರ್ ಕಲಿಯುವವರು ಐದು ಟ್ರಾನ್ಸಿಸ್ಟರುಗಳಿರುವ ಸಿಎ3046ರಂಥ ಐಸಿ ಬಳಸುವುದು ಇದೇ ಕಾರಣಕ್ಕೆ.

ತಪ್ಪುಗಳು ಎರಡು ಬಗೆಯವಾದ್ದರಿಂದ ಮದ್ದೂ ಬೇರೆಬೇರೆ. ಎರಡೂ ಎಮಿಟರುಗಳ ಕೆಳಗೆ ಒಂದೊಂದು ಸಣ್ಣ ರೆಸಿಸ್ಟರ್ ಇಡುವುದು ಹಳೆಯ ಉಪಾಯ. ಕರೆಂಟ್ ಏರಲು ಹೊರಟರೆ ಆ ರೆಸಿಸ್ಟರಿನ ಮೇಲಿನ ವೋಲ್ಟೇಜೂ ಏರಿ, ಬೇಸ್ ಮತ್ತು ಎಮಿಟರಿನ ನಡುವಿನದನ್ನು ತಗ್ಗಿಸಿ, ಏರಿಕೆಗೆ ಕಡಿವಾಣ ಹಾಕುತ್ತದೆ. ಮೇಲಿನ ಉದಾಹರಣೆಯಲ್ಲಿ 260 ಓಮ್ ಇಟ್ಟರೆ ಅದರ ಮೇಲೆ ಸುಮಾರು ಕಾಲು ವೋಲ್ಟ್ ನಿಂತು, ಔಟ್‌ಪುಟ್ ರೆಸಿಸ್ಟೆನ್ಸ್ 1 ಲಕ್ಷದಿಂದ ಸುಮಾರು 9 ಲಕ್ಷ ಓಮಿಗೆ ಏರುತ್ತದೆ. ಬಿಸಿಯ ಕಾಟವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಬೇಸಿನ ಸುಂಕ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ, ಎರಡು ಬೇಸುಗಳೂ ಮೂಲದಿಂದಲೇ ಎಳೆಯುತ್ತಿರುತ್ತವೆ. ಎಮಿಟರ್ ರೆಸಿಸ್ಟರ್ ಹಾಕಿದ ಮೇಲೂ ಶೇ. 2ರ ಕೊರತೆ ಹಾಗೇ ಉಳಿದಿದ್ದರೆ ಸರ್ಕ್ಯೂಟಿನಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ.

ಸುಂಕಕ್ಕೆ ಮದ್ದು ಇನ್ನೊಂದು ಟ್ರಾನ್ಸಿಸ್ಟರ್. ಮೊದಲನೆಯದರ ಕಲೆಕ್ಟರನ್ನು ಬೇಸಿಗೆ ನೇರವಾಗಿ ಕಟ್ಟುವ ಬದಲು ನಡುವೆ ಮೂರನೆಯದನ್ನು ಇಟ್ಟರೆ, ಬೇಸುಗಳಿಗೆ ಬೇಕಾದ ಕರೆಂಟನ್ನು ಅದು ಸಪ್ಲೈಯಿಂದ ತಂದು ಸುರಿಯುತ್ತದೆ. ಮೂಲದಿಂದ ಅದು ಕೇಳುವುದು ತನ್ನ ಬೇಸಿನ ಸುಂಕವನ್ನಷ್ಟೇ, ಅಂದರೆ ಸುಂಕದ ಮೇಲಿನ ಸುಂಕ. ಬೀಟಾ 100ಕ್ಕೆ ತಪ್ಪು ಶೇ. 2ರಿಂದ ಶೇ. 0.02ಕ್ಕೆ ಇಳಿಯುತ್ತದೆ. ಇಲ್ಲಿ ಔಟ್‌ಪುಟ್ ರೆಸಿಸ್ಟೆನ್ಸ್ ಇದ್ದಷ್ಟೇ ಇರುತ್ತದೆ. ಹೀಗೆ ಒಂದು ಮದ್ದು ಒಂದೇ ರೋಗಕ್ಕೆ.

741 ಎಂಬ ಆಪ್‌ಆಂಪಿನ ಹೊಟ್ಟೆಯಲ್ಲಿ ಇದೇ ಜೋಡಣೆ ಇದೆ. ಡೇವ್ ಫುಲ್ಲಗರ್ ವಿನ್ಯಾಸದಲ್ಲಿ ಫೇರ್‌ಚೈಲ್ಡ್ ಕಂಪನಿ 1968ರಲ್ಲಿ ತಂದ ಈ ಐಸಿಯ ಮೊದಲ ಹಂತಕ್ಕೆ ಭಾರವಾಗಿ ನಿಂತಿರುವುದು ಮೂರು ಟ್ರಾನ್ಸಿಸ್ಟರಿನ ಮಿರರ್. ಅದರ ಪ್ರತಿ ಬದಿಯಲ್ಲಿ ಹರಿಯುವುದು ಸುಮಾರು 9.5 ಮೈಕ್ರೋಆಂಪಿಯರ್. ಅಲ್ಲಿ ಸುಂಕದಿಂದ ಶೇ. 2 ತಪ್ಪಿದ್ದರೆ ಎರಡು ಬದಿಗಳ ಸಮತೋಲ ಕೆಟ್ಟು, ಆಪ್‌ಆಂಪಿನ ಇನ್‌ಪುಟ್‌ಗಳ ನಡುವೆ ಸುಮಾರು 1 ಮಿಲಿವೋಲ್ಟಿನ ಸುಳ್ಳು ಸಿಗ್ನಲ್ ಹುಟ್ಟಿದಂತಾಗುತ್ತಿತ್ತು. ನೂರು ಪಟ್ಟು ಹಿಗ್ಗಿಸಿದರೆ ಔಟ್‌ಪುಟ್‌ನಲ್ಲಿ ಅದು 0.1 ವೋಲ್ಟ್. ಮೂರನೆಯ ಟ್ರಾನ್ಸಿಸ್ಟರು ಆ ಭಾಗವನ್ನು ಅಳಿಸುತ್ತದೆ. ಅದೇ ಮಿರರಿನ ಎಮಿಟರುಗಳ ಕೆಳಗೆ 1 ಕಿಲೋಓಮಿನ ರೆಸಿಸ್ಟರುಗಳೂ ಇವೆ. ಇವನ್ನು ಔಟ್‌ಪುಟ್ ರೆಸಿಸ್ಟೆನ್ಸ್ ಏರಿಸಲೆಂದೇ ಇಟ್ಟಿದ್ದಾರೆ ಎಂದುಕೊಳ್ಳುವುದು ಸಹಜ, ಆದರೆ ಅಷ್ಟು ಸಣ್ಣ ಕರೆಂಟಿನಲ್ಲಿ ಅವುಗಳ ಮೇಲೆ ನಿಲ್ಲುವುದು ಬರೀ 9.5 ಮಿಲಿವೋಲ್ಟ್, ಆ ಲಾಭ ಅಲ್ಪವೇ. ಅವುಗಳ ಮುಖ್ಯ ಉಪಯೋಗ ಬೇರೆ. 1 ಮತ್ತು 5ನೇ ಪಿನ್‌ಗಳು ಆ ಎಮಿಟರುಗಳಿಗೇ ತಾಗಿಕೊಂಡಿವೆ. ಹೊರಗಿನಿಂದ ಪೊಟೆನ್ಶಿಯೋಮೀಟರ್ ತಿರುಗಿಸುವವರು ನಿಜವಾಗಿ ಈ ಮಿರರಿನ ಎರಡು ತಟ್ಟೆಗಳನ್ನು ತೂಗಿ ಸರಿಮಾಡುತ್ತಿರುತ್ತಾರೆ.

ಎರಡೂ ತಪ್ಪನ್ನು ಒಟ್ಟಿಗೆ ಹೊಡೆಯುವ ಸರ್ಕ್ಯೂಟ್ ಹುಟ್ಟಿದ್ದು ಒಂದು ಪಂಥದಲ್ಲಿ. 1967ರಲ್ಲಿ ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪನಿಯ ಜಾರ್ಜ್ ವಿಲ್ಸನ್ ಮತ್ತು ಬ್ಯಾರಿ ಗಿಲ್ಬರ್ಟ್, ಮೂರೇ ಟ್ರಾನ್ಸಿಸ್ಟರುಗಳಲ್ಲಿ ಇನ್ನೂ ಒಳ್ಳೆಯ ಮಿರರನ್ನು ಬೆಳಗಾಗುವುದರೊಳಗೆ ಯಾರು ಕಂಡುಹಿಡಿಯುತ್ತಾರೆ ನೋಡೋಣ ಎಂದು ಪಂಥ ಕಟ್ಟಿದರು. ಗೆದ್ದದ್ದು ವಿಲ್ಸನ್. ಆ ಮಿರರಿಗೆ ಈಗಲೂ ಅವರದೇ ಹೆಸರು.

ವಿಲ್ಸನ್ ಮಿರರಿನಲ್ಲಿ ಕೆಳಗಿನ ಜೋಡಿ ತಿರುವುಮುರುವಾಗಿ ನಿಲ್ಲುತ್ತದೆ. ಕಲೆಕ್ಟರನ್ನೂ ಬೇಸನ್ನೂ ಕಟ್ಟಿದ ಟ್ರಾನ್ಸಿಸ್ಟರು ಹೊರಗಿನ ದಾರಿಯಲ್ಲಿ, ಅದರ ಜೊತೆಗಾರ ಒಳಗಿನ ದಾರಿಯಲ್ಲಿ. ಹೊರಗಿನ ದಾರಿಯ ತಲೆಯ ಮೇಲೆ ಮೂರನೆಯ ಟ್ರಾನ್ಸಿಸ್ಟರು ಕೂತಿರುತ್ತದೆ, ಅದರ ಬೇಸ್ ಒಳಗಿನ ದಾರಿಗೆ ಸೇರಿರುತ್ತದೆ. ಹೊರಗೆ ಹರಿದ ಕರೆಂಟನ್ನು ಕೆಳಗಿನ ಜೋಡಿ ಒಳಗೆ ನಕಲು ಮಾಡಿ ತೋರಿಸುತ್ತದೆ. ಅದು ಮೂಲಕ್ಕಿಂತ ಹೆಚ್ಚಾದರೆ ಮೇಲಿನದರ ಬೇಸಿಗೆ ಹೋಗುವ ಪಾಲು ಕಡಿಮೆಯಾಗಿ ಹೊರಗಿನ ಕರೆಂಟ್ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ಸುಂಕದ ಲೆಕ್ಕವೂ ಸರಿಹೋಗುತ್ತದೆ. ಒಳಗಿನ ದಾರಿ ಒಂದು ಕಲೆಕ್ಟರ್ ಕರೆಂಟಿನ ಜೊತೆಗೆ ಮೇಲಿನದರ ಬೇಸ್ ಕರೆಂಟನ್ನು ಹೊರುತ್ತದೆ. ಹೊರಗಿನ ದಾರಿ ಕೆಳಗಿನ ಎರಡು ಬೇಸುಗಳನ್ನು ಹೊರಬೇಕು, ಆದರೆ ಅದರಲ್ಲೊಂದರಷ್ಟನ್ನು ಮೇಲಿನದರ ಬೇಸೇ ತಂದುಕೊಡುತ್ತದೆ. ಕೊನೆಗೆ ಎರಡೂ ಕಡೆ ಒಂದು ಕಲೆಕ್ಟರ್, ಒಂದು ಬೇಸ್. ಉಳಿಯುವ ತಪ್ಪು ಬೀಟಾ 100ಕ್ಕೆ ಶೇ. 0.02. ಔಟ್‌ಪುಟ್ ರೆಸಿಸ್ಟೆನ್ಸ್ ಬೀಟಾದ ಅರ್ಧದಷ್ಟು ಪಟ್ಟು ಏರುತ್ತದೆ, 1 ಲಕ್ಷ ಓಮ್ ಇದ್ದದ್ದು 50 ಲಕ್ಷ ಆಗುತ್ತದೆ. ಹೊರಗಿನ ವೋಲ್ಟೇಜ್ 10 ಏರಿದರೆ ಕರೆಂಟ್ ಏರುವುದು 2 ಮೈಕ್ರೋಆಂಪಿಯರ್ ಮಾತ್ರ.

ಇದರಲ್ಲೂ ಒಂದು ಸಣ್ಣ ಒಡಕಿದೆ. ಕೆಳಗಿನ ಜೋಡಿಯಲ್ಲಿ ಒಂದರ ಕಲೆಕ್ಟರಿನಲ್ಲಿ 0.7 ವೋಲ್ಟ್, ಇನ್ನೊಂದರಲ್ಲಿ 1.4 ವೋಲ್ಟ್. ಅರ್ಲಿ ಪರಿಣಾಮ ಈ ವ್ಯತ್ಯಾಸವನ್ನು ಬಿಡದೆ ಹಿಡಿದು ಶೇ. 0.7ರ ತಪ್ಪು ಮಾಡುತ್ತದೆ. ಬೇಸಿನ ಶೇ. 0.02ರ ಲೆಕ್ಕ ಓದಿ ಹಿಗ್ಗಿದವರು ಅದಕ್ಕಿಂತ ಮೂವತ್ತು ಪಟ್ಟಿಗೂ ದೊಡ್ಡದಾದ ಇದನ್ನು ಮರೆಯುವುದುಂಟು. ಒಳಗಿನ ದಾರಿಯಲ್ಲಿ, ಕಲೆಕ್ಟರನ್ನು ಬೇಸಿಗೆ ಕಟ್ಟಿದ ನಾಲ್ಕನೆಯ ಟ್ರಾನ್ಸಿಸ್ಟರೊಂದನ್ನು ಇಟ್ಟು ಆ ಹೆಚ್ಚುವರಿ 0.7 ವೋಲ್ಟನ್ನು ಅದರ ಮೇಲೆ ಹಾಕಿದರೆ ಕೆಳಗಿನ ಎರಡೂ ಸಮವಾಗುತ್ತವೆ. ಇನ್ನೊಂದು ಬೆಲೆ ವೋಲ್ಟೇಜಿನದು. ಸರಳ ಮಿರರ್ 0.2 ವೋಲ್ಟಿನವರೆಗೂ ಇಳಿದು ಕೆಲಸ ಮಾಡಿದರೆ, ವಿಲ್ಸನ್ ಮಿರರಿಗೆ ಸುಮಾರು 0.9 ವೋಲ್ಟಾದರೂ ಬೇಕು. ಅದಕ್ಕಿಂತ ಕೆಳಗೆ ಮೇಲಿನ ಟ್ರಾನ್ಸಿಸ್ಟರು ಸ್ಯಾಚುರೇಟ್ ಆಗಿ ಕರೆಂಟ್ ದಿಢೀರನೆ ಕುಸಿಯುತ್ತದೆ.

ಮಾಸ್‌ಫೆಟ್‌ಗೆ ಬಂದರೆ ಸುಂಕದ ಮಾತೇ ಹೆಚ್ಚುಕಡಿಮೆ ಇಲ್ಲ. ಗೇಟನ್ನು ಆಕ್ಸೈಡಿನ ಪದರ ಬೇರ್ಪಡಿಸಿರುವುದರಿಂದ ಅದು ನಿಂತ ಕರೆಂಟ್ ಕೇಳುವುದಿಲ್ಲ. ಆ ಪದರ ಸುಮಾರು 2 ನ್ಯಾನೋಮೀಟರಿಗಿಂತ ತೆಳುವಾದ ಚಿಪ್ಪುಗಳಲ್ಲಿ ಮಾತ್ರ ಗೇಟಿನ ಸೋರಿಕೆ ಲೆಕ್ಕಕ್ಕೆ ಬರತೊಡಗುತ್ತದೆ. ಎರಡನೆಯ ತಪ್ಪಿಗೆ ಇಲ್ಲೂ ತಮ್ಮನೊಬ್ಬ ಇದ್ದಾನೆ. ಡ್ರೇನಿನ ವೋಲ್ಟೇಜ್ ಏರಿದಂತೆ ಡ್ರೇನಿನ ಬದಿಯ ಬರಿದಾದ ಪಟ್ಟಿ ಚಾನೆಲ್ಲಿನೊಳಕ್ಕೆ ನುಗ್ಗಿ ಅದರ ಉದ್ದವನ್ನು ಮೊಟಕು ಮಾಡುತ್ತದೆ, ಗಿಡ್ಡ ಚಾನೆಲ್ಲಿನಲ್ಲಿ ಕರೆಂಟ್ ಹೆಚ್ಚು ಹರಿಯುತ್ತದೆ. ಚಾನೆಲ್ ಉದ್ದದ ಈ ಏರುಪೇರನ್ನು ಲ್ಯಾಂಬ್ಡಾ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ಉದ್ದ 1 ಮೈಕ್ರಾನ್ ಇರುವ ಮಾಸ್‌ಫೆಟ್‌ಗೆ ಲ್ಯಾಂಬ್ಡಾ ವೋಲ್ಟಿಗೆ 0.1 ಎಂದಿಟ್ಟುಕೊಂಡರೆ, ಒಳಗೆ 0.7 ವೋಲ್ಟ್, ಹೊರಗೆ 1.7 ವೋಲ್ಟ್ ಇರುವ ಮಿರರಿನಲ್ಲಿ ನಕಲು ಶೇ. 9ರಷ್ಟು ಹೆಚ್ಚು. ಕರೆಂಟ್ 100 ಮೈಕ್ರೋಆಂಪಿಯರ್ ಆದರೆ ಔಟ್‌ಪುಟ್ ರೆಸಿಸ್ಟೆನ್ಸ್ ಮತ್ತೆ ಅದೇ 1 ಲಕ್ಷ ಓಮ್.

ಚಾನೆಲ್ಲನ್ನು ಎರಡು ಪಟ್ಟು ಉದ್ದ ಮಾಡಿದರೆ ಲ್ಯಾಂಬ್ಡಾ ಸುಮಾರಾಗಿ ಅರ್ಧವಾಗುತ್ತದೆ. ಆದರೆ ಅದೇ ಗೇಟ್ ವೋಲ್ಟೇಜಿನಲ್ಲಿ ಅದೇ ಕರೆಂಟ್ ಹರಿಯಬೇಕಾದರೆ ಅಗಲವನ್ನೂ ಎರಡು ಪಟ್ಟು ಮಾಡಬೇಕು, ಜಾಗ ನಾಲ್ಕು ಪಟ್ಟಾಗುತ್ತದೆ. ಇದಕ್ಕಿಂತ ಅಗ್ಗದ ದಾರಿ ಕ್ಯಾಸ್ಕೋಡ್. ನಕಲು ಮಾಡುವ ಮಾಸ್‌ಫೆಟ್‌ನ ತಲೆಯ ಮೇಲೆ ಇನ್ನೊಂದನ್ನು ಕೂರಿಸಿದರೆ ಹೊರಗಿನ ವೋಲ್ಟೇಜಿನ ಏರಿಳಿತವನ್ನೆಲ್ಲ ಮೇಲಿನದು ನುಂಗಿಕೊಳ್ಳುತ್ತದೆ, ಕೆಳಗಿನದಕ್ಕೆ ಅದರ ಸುಳಿವು ಅಷ್ಟಾಗಿ ತಗಲುವುದಿಲ್ಲ. ಮೇಲಿನ ಲೆಕ್ಕದಲ್ಲಿ ರೆಸಿಸ್ಟೆನ್ಸ್ ಸುಮಾರು 1 ಕೋಟಿ ಓಮಿಗೆ ಏರುತ್ತದೆ. ಸಾಮಾನ್ಯ ಕ್ಯಾಸ್ಕೋಡಿಗೆ ಹೊರಗಡೆ ಸುಮಾರು 0.9 ವೋಲ್ಟ್ ಬೇಕು. ಸಪ್ಲೈಯೇ 1.2 ವೋಲ್ಟ್ ಆಗಿರುವ ಚಿಪ್ಪಿನಲ್ಲಿ ಅದು ಮುಕ್ಕಾಲು ಪಾಲನ್ನು ತಿಂದಂತೆ. ಮೇಲಿನ ಗೇಟಿಗೆ ಬೇರೆ ವೋಲ್ಟೇಜ್ ಒದಗಿಸಿ ಕೆಳಗಿನದನ್ನು ಸ್ಯಾಚುರೇಷನ್ನಿನ ಅಂಚಿನಲ್ಲೇ ನಿಲ್ಲಿಸಿದರೆ ಈ ಬೇಡಿಕೆ 0.4 ವೋಲ್ಟಿಗೆ ಇಳಿಯುತ್ತದೆ.

ಕ್ಯಾಸ್ಕೋಡ್ ಕಟ್ಟಿದ ಮೇಲೂ ಉಳಿಯುವ ತಪ್ಪು ಇವೆರಡರ ಜಾತಿಗೆ ಸೇರಿದ್ದಲ್ಲ. ಅಕ್ಕಪಕ್ಕದ ಎರಡು ಮಾಸ್‌ಫೆಟ್‌ಗಳ ಥ್ರೆಶೋಲ್ಡ್ ವೋಲ್ಟೇಜ್ ಎಂದೂ ಪೂರ್ತಿ ಒಂದೇ ಇರುವುದಿಲ್ಲ. ಥ್ರೆಶೋಲ್ಡ್ ದಾಟಿದ ಮೇಲೆ ಗೇಟಿನಲ್ಲಿ 0.2 ವೋಲ್ಟ್ ಹೆಚ್ಚುವರಿ ಇರುವ ಮಿರರಿನಲ್ಲಿ 2 ಮಿಲಿವೋಲ್ಟಿನ ವ್ಯತ್ಯಾಸ ಕರೆಂಟನ್ನು ಶೇ. 2ರಷ್ಟು ತಪ್ಪಿಸುತ್ತದೆ. ಬೈಪೋಲಾರಿನಲ್ಲಿ 1 ಮಿಲಿವೋಲ್ಟಿಗೇ ಶೇ. 4. ಈ ಏರುಪೇರು ಗೇಟಿನ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂದು ಮಾರ್ಸೆಲ್ ಪೆಲ್‌ಗ್ರೋಮ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು, ಅದನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜಾಗ ಬೇಕು. ಮೂರನ್ನೂ ಬೇರ್ಪಡಿಸಿ ನೋಡಲು ಒಂದೇ ಚಿಪ್ಪನ್ನು ಅಳೆದರೆ ಸಾಲದು. ಹಲವು ಚಿಪ್ಪುಗಳನ್ನು ಅಳೆದಾಗ ಎಲ್ಲದರಲ್ಲೂ ಒಂದೇ ದಿಕ್ಕಿಗೆ ವಾಲಿ ವೋಲ್ಟೇಜಿನೊಂದಿಗೆ ಏರುವ ಭಾಗ ಚಾನೆಲ್ ಉದ್ದದ್ದು ಅಥವಾ ಅರ್ಲಿಯದು. ಸಮ ವೋಲ್ಟೇಜಿನಲ್ಲಿಯೂ ಎಲ್ಲ ಚಿಪ್ಪುಗಳಲ್ಲಿ ಒಂದೇ ಅಳತೆಯ ಕೊರತೆಯಾಗಿ ಉಳಿಯುವುದು ಬೇಸಿನ ಸುಂಕ. ಒಂದರಲ್ಲಿ ಹೆಚ್ಚು, ಮತ್ತೊಂದರಲ್ಲಿ ಕಡಿಮೆ ಎಂದು ಚದುರಿಹೋಗುವುದು ಜೋಡಿ ಸರಿಹೊಂದದ ತಪ್ಪು.